ಸಿಂಕಿನಲ್ಲಿ ಉಳಿದ ಮುಸುರೆ ಪಾತ್ರೆ

ಪ್ರಶ್ನೆ: ಮದುವೆಯಾಗಿ ಒಂದೂವರೆ ವರ್ಷ. ನಾನು ಹತ್ತಕ್ಕೆ ಮಲಗ್ತೀನಿ, ಅವರು ಎರಡಕ್ಕೆ. ಊಟ, ಪಾತ್ರೆ, ಭಾನುವಾರ, ಎಲ್ಲದಕ್ಕೂ ಜಗಳ. ಇದೆಲ್ಲ ಸಣ್ಣ ವಿಷಯಾನಾ, ಇಲ್ಲಾ ನಾವಿಬ್ಬರೂ ಹೊಂದೋದೇ ಇಲ್ವಾ?

ಉತ್ತರ: ನಾನು ತೀರ್ಥಹಳ್ಳಿ ಕಡೆಯವಳು, ನನ್ನವರು ವಿಜಯಪುರದವರು. ಮದುವೆಯಾಗಿ 11 ವರ್ಷ. ನನಗೆ ರಾತ್ರಿ ಅನ್ನ ಸಾರು ಬೇಕು, ಅವರಿಗೆ ರೊಟ್ಟಿ, ಶೇಂಗಾ ಹಿಂಡಿ. ಈ ಜಗಳ ಬೇಗ ಮುಗಿಯಿತು, ಯಾಕೆಂದರೆ ಅತ್ತೆ ತಿಂಗಳಿಗಾಗುವಷ್ಟು ಖಡಕ್ ರೊಟ್ಟಿ ಕಟ್ಟಿ ಕಳಿಸುತ್ತಾರೆ. ಒಂದು ಪಲ್ಯ ಮಾಡಿದರೆ ಇಬ್ಬರ ತಟ್ಟೆಗೂ ಆಗುತ್ತದೆ.

ನಿದ್ದೆಯದು ಅಷ್ಟು ಸುಲಭವಾಗಲಿಲ್ಲ. ನನ್ನವರಿಗೆ ಅಮೆರಿಕದವರ ಜೊತೆ ಕೆಲಸ, ಮೀಟಿಂಗ್ ಮುಗಿಯುವುದೇ ರಾತ್ರಿ ಹನ್ನೊಂದೂವರೆಗೆ. ಆಮೇಲೂ ಎರಡರ ತನಕ ಮೊಬೈಲು. ನಾನು ಐದೂವರೆಗೆ ಏಳುವವಳು. ನಮ್ಮ ಮನೆಯಲ್ಲಿ ಬಿಸಿಲು ಬಂದಮೇಲೂ ಮಲಗಿದ್ದರೆ ದರಿದ್ರ ಅನ್ನುತ್ತಿದ್ದರು, ಹಾಗಾಗಿ ಅವರದು ಬರೀ ಸೋಮಾರಿತನ ಅಂತಲೇ ನಾನು ನಂಬಿದ್ದೆ. ಬೇಗ ನಿದ್ದೆ ಬರುವುದು, ತಡವಾಗಿ ಬರುವುದು ಒಂದಿಷ್ಟು ಹುಟ್ಟಿನಿಂದಲೇ ಬರುವ ಗುಣ ಅಂತ ಆಮೇಲೆ ತಿಳಿಯಿತು. ರಾತ್ರಿಯ ಬೆಳಕು ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಅಭ್ಯಾಸದಿಂದ ಸ್ವಲ್ಪ ಹೊತ್ತು ಈಚೆಗೆ ತರಬಹುದೇ ಹೊರತು, ಗೂಬೆಯನ್ನು ಕೋಳಿ ಮಾಡಲಾಗದು. ಕೊನೆಗೆ ಅವರು ಲ್ಯಾಪ್‌ಟಾಪನ್ನು ಹಾಲಿಗೆ ಒಯ್ದರು. ನಾನು ಬೆಳಿಗ್ಗೆ ಎಂಟರ ತನಕ ಮಿಕ್ಸಿ ಹಾಕುವುದು ಬಿಟ್ಟೆ, ಚಟ್ನಿ ಹಿಂದಿನ ರಾತ್ರಿಯೇ ರುಬ್ಬಿಡುತ್ತೇನೆ. ಒಂಬತ್ತೂಕಾಲರಿಂದ ಹತ್ತರ ತನಕ ಇಬ್ಬರೂ ಫೋನ್ ಮುಟ್ಟದೆ ಕೂರುತ್ತೇವೆ. ಈಗಲೂ ನಾವು ಒಂದೇ ಹೊತ್ತಿಗೆ ಮಲಗುವುದಿಲ್ಲ.

ನಿಜವಾದ ಪರೀಕ್ಷೆ ಆಗಿದ್ದು ಮುಸುರೆ ಪಾತ್ರೆಯಲ್ಲಿ. ಕೊನೆಗೆ ಮಲಗುವವರು ಪಾತ್ರೆ ತೊಳೆದು ಮಲಗಬೇಕು ಅಂತ ಒಪ್ಪಂದವಾಯಿತು, ಅಂದರೆ ಅವರು. ಮೊದಲ ವಾರದಲ್ಲೇ ಮೂರು ದಿನ ಪಾತ್ರೆ ಸಿಂಕಿನಲ್ಲೇ ಉಳಿಯಿತು. ಮೂರನೆಯ ಸಲ ಬೆಳಿಗ್ಗೆ ಎದ್ದವರು, ನಾನು ಬಾಯಿ ತೆರೆಯುವ ಮೊದಲೇ, ‘ನಿನ್ನೆ ಬಿಟ್ಟುಬಿಟ್ಟೆ ಮಾರಾಯ್ತಿ’ ಅಂತ ತೊಳೆಯಲು ನಿಂತರು. ಅವತ್ತು ನನ್ನ ಅರ್ಧ ಸಿಟ್ಟು ಇಳಿಯಿತು.

ನನ್ನ ಸಹೋದ್ಯೋಗಿಯೊಬ್ಬಳ ಮನೆಯಲ್ಲೂ ಇದೇ ಪಾತ್ರೆ, ಇದೇ ಒಪ್ಪಂದ. ಅವಳು ಕೇಳಿದಾಗ ಬಂದ ಉತ್ತರ, ‘ನಿಮ್ಮಪ್ಪನ ಮನೇಲಿ ಆಳು ಇಟ್ಟಿದ್ರಾ?’ ಮಾತು ಪಾತ್ರೆಯಿಂದ ತವರಿಗೆ ಹಾರಿತು. ಅವಳೂ ಕಡಿಮೆಯವಳಲ್ಲ, ‘ನಿಮ್ಮ ವಂಶವೇ ಹಾಗೆ’ ಅಂದಳು. ಬರಬರುತ್ತಾ ಅವಳು ಕೇಳುವುದನ್ನೇ ನಿಲ್ಲಿಸಿದಳು. ಗೆಳತಿಯರ ಜೊತೆ ಸಿನಿಮಾಕ್ಕೆ ಹೋದದ್ದನ್ನು ಮುಚ್ಚಿಡತೊಡಗಿದಳು. ಗಂಡ ಟೂರಿಗೆ ಹೋದರೆ ಮನೆ ತನ್ನದು ಅನ್ನಿಸುತ್ತದೆ ಅಂತ ಒಮ್ಮೆ ಹೇಳಿದಳು. ಅವರು ಈಗ ಬೇರೆಯಾಗಿದ್ದಾರೆ. ಯಾರಾದರೂ ಕೇಳಿದರೆ ಪಾತ್ರೆಯ ಕಥೆಯನ್ನೇ ಹೇಳುತ್ತಾಳೆ, ನನಗೆ ಮಾತ್ರ ಆ ಒಂದು ಮಾತೇ ನೆನಪು.

ದಂಪತಿಗಳ ಜಗಳವನ್ನು ದಶಕಗಳ ಕಾಲ ಗಮನಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರ ಲೆಕ್ಕದಲ್ಲಿ, ಜಗಳದ ವಿಷಯಗಳಲ್ಲಿ ಸುಮಾರು 69% ಎಂದೂ ತೀರುವಂಥವಲ್ಲ. ಚೆನ್ನಾಗಿ ಬಾಳುವವರಲ್ಲೂ ಅವು ಇದ್ದೇ ಇರುತ್ತವೆ. ಬೇರ್ಪಡುವ ಮುನ್ಸೂಚನೆಗಳಲ್ಲಿ ಅವರು ಮೊದಲಿಗೆ ಇಟ್ಟದ್ದು ತಿರಸ್ಕಾರವನ್ನು: ಮೂದಲಿಕೆ, ಹೀಯಾಳಿಕೆ, ಕಣ್ಣು ತಿರುಗಿಸುವುದು.

ನಿಮ್ಮ ಮನೆಯಲ್ಲಿ ಹೀಗೆ ಮಾಡಿ ನೋಡಿ. ಅತಿ ಹೆಚ್ಚು ಸಿಟ್ಟು ಬರಿಸುವ ವಿಷಯ ಬೇಡ. ಆಯಿತೋ ಇಲ್ಲವೋ ಅಂತ ಕಣ್ಣಿಗೆ ಕಾಣುವ ಒಂದು ಕೆಲಸ ಆರಿಸಿ. ಜಗಳದ ಹೊತ್ತಲ್ಲಿ ಬೇಡ, ಹೊಟ್ಟೆ ತುಂಬಿದಾಗ ಕೇಳಿ. ಅವರಿಗಾಗಿ ನೀವು ಏನು ಬಿಡುತ್ತೀರಿ ಅನ್ನುವುದನ್ನೂ ಆಗಲೇ ಹೇಳಿ. ಮೂರು ವಾರ ನೋಡಿ. ಎಷ್ಟು ದಿನ ತಪ್ಪಿತು ಅಂತ ಎಣಿಸಬೇಡಿ, ತಪ್ಪಿದ ಮರುದಿನ ಏನಾಗುತ್ತದೆ ನೋಡಿ. ಮೂರು ವಾರವೂ ಬಗ್ಗಿದ್ದು ನೀವೊಬ್ಬರೇ, ಕೇಳಿದರೆ ಗೇಲಿ ಅಂತಾದರೆ, ಆಗ ದಂಪತಿ ಆಪ್ತಸಮಾಲೋಚಕರ ಹತ್ತಿರ ಹೋಗುವ ಮಾತು ಎತ್ತಿ. ಅದಕ್ಕೂ ಬರಲ್ಲ ಅಂದರೆ, ಹೊಂದುತ್ತೀರಾ ಅನ್ನುವ ನಿಮ್ಮ ಪ್ರಶ್ನೆ ಸಣ್ಣದಲ್ಲ.

ಭಾನುವಾರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅವರು ಕ್ರಿಕೆಟ್ ನೋಡಲಿ, ನೀವು ಲಾಲ್‌ಬಾಗ್ ಸುತ್ತಿ ಬನ್ನಿ, ಮಧ್ಯಾಹ್ನದ ಊಟ ಒಟ್ಟಿಗೆ ಮಾಡಿ. ಆದರೆ ಮನೆಯಲ್ಲಿ ಮಾಂಸ ಬೇಯಿಸಬೇಕೋ ಬೇಡವೋ, ಮಗುವಿಗೆ ಯಾವ ಊಟ ಅನ್ನುವಂಥದ್ದು ರೊಟ್ಟಿ-ಅನ್ನದ ಹಾಗಲ್ಲ. ಅದರಲ್ಲಿ ಅರ್ಧರ್ಧ ಮಾಡಿಕೊಳ್ಳುವುದು ಕಷ್ಟ, ಮಗು ಆಗುವ ಮೊದಲೇ ಬಿಚ್ಚಿ ಮಾತಾಡಿ.

ಇನ್ನೊಂದು. ಅವರು ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚುತ್ತಾರಾ, ಹಗಲೆಲ್ಲ ತೂಕಡಿಸುತ್ತಾರಾ? ಅಥವಾ ಮೊದಲು ಅಚ್ಚುಕಟ್ಟಾಗಿದ್ದವರು ಇತ್ತೀಚೆಗೆ ಸ್ನಾನ, ಊಟ, ನಿದ್ದೆ ಎಲ್ಲದರಲ್ಲೂ ಬದಲಾದರಾ? ಹಾಗಿದ್ದರೆ ಜಗಳ ಬದಿಗಿಟ್ಟು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.