ನುಸಿಗುಳಿಗೆ ವಾಸನೆ ಬರೋ ರೇಷ್ಮೆ ಸೀರೆ

"ಹಳೇ ಬಟ್ಟೆ ಅಂಗಡೀಲಿ ಒಳ್ಳೇ ರೇಷ್ಮೆ ಸೀರೆ ಸಿಕ್ತು. ಎರಡು ಸಲ ಒಗೆದ್ರೂ ನುಸಿಗುಳಿಗೆ ವಾಸನೆ ಹೋಗಿಲ್ಲ. ನಾಳೆ ಬಿಸಿನೀರು, ಸೋಡಾಪುಡೀಲಿ ನೆನೆಸಿ ಬಿಸಿಲಿಗೆ ಹಾಕ್ತೀನಿ. ಸರೀನಾ?"

ಬೇಡ ಮೇಡಂ, ಕೈ ಮುಗೀತೀನಿ! ನಾನೂ ಇದನ್ನೇ ಮಾಡಿ ಒಂದು ಎಲೆಹಸಿರು ಸೀರೆ ಕಳ್ಕೊಂಡೆ. ರಾತ್ರಿಯಿಡೀ ಸೋಡಾನೀರು, ಮರುದಿನ ತಾರಸಿ ಮೇಲೆ ಏಪ್ರಿಲ್ ಬಿಸಿಲು. ಸಂಜೆ ಮಡಿಸೋಕೆ ಹೋದ್ರೆ ಹಳೇ ಮಡಿಕೆ ಉದ್ದಕ್ಕೂ ಪರ್ ಅಂತ ಸೀಳ್ತು. ಅಷ್ಟಾದ್ರೂ ಸೆರಗಿನ ಒಳಗೆ ವಾಸನೆ ಇತ್ತು.

ಆ ಗುಳಿಗೆ ನೀರಲ್ಲಿ ಕರಗೋ ವಸ್ತು ಅಲ್ಲ. ಬೀರೂಲಿಟ್ಟ ಗುಳಿಗೆ ತಾನಾಗೇ ಸವೆದು ಮಾಯ ಆಗುತ್ತಲ್ಲ, ಬಟ್ಟೇಲಿರೋದೂ ಹಾಗೇ ಗಾಳಿಗೆ ಹೋಗಬೇಕು. ನೆರಳಲ್ಲಿ ಬಿದಿರು ಗಳಕ್ಕೆ ಒಂದೇ ಪದರ ಬರೋ ಹಾಗೆ ಹಾಕಿ, ಫ್ಯಾನ್ ಬಿಡಿ, ದಿನಾ ಜಾಗ ಬದಲಿಸಿ. ನನ್ನ ಇನ್ನೊಂದು ಸೀರೆಗೆ ಎರಡು ವಾರ ಹಿಡೀತು. ಮಳೆಗಾಲದಲ್ಲಿ ಇನ್ನೂ ನಿಧಾನ.

ಮತ್ತೆ ನೀರು ಮುಟ್ಟಿಸೋ ಮುಂಚೆ ನೂಲಲ್ಲಿ ಎಷ್ಟು ಜೀವ ಇದೆ ನೋಡಿ. ಮಡಿಕೆ ಗೆರೆಯನ್ನ ಕಿಟಕಿ ಬೆಳಕಿಗೆ ಹಿಡೀರಿ; ಸೂಜಿ ಚುಚ್ಚಿದ ಹಾಗೆ ಸಾಲು ತೂತು ಕಂಡ್ರೆ ಅಲ್ಲೇ ನಿಲ್ಲಿಸಿ. ಕಾಣದಿದ್ರೆ ಎರಡು ಹೆಬ್ಬೆರಳ ನಡುವೆ ಒಂದಿಂಚು ಹಿಡಿದು, ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಎಳೀರಿ. ಚಿಟಿಚಿಟಿ ಸದ್ದು ಬಂದ್ರೆ ಒಗೆಯೋ ಆಸೆ ಬಿಡಿ. ಫಾಲ್ ಒಂದು ಗೇಣು ಬಿಚ್ಚಿ, ಒಳಗಿನ ಬಟ್ಟೆ ಮುಟ್ಟಿ ನೋಡಿ: ಬೆಳಕು, ಬೆವರು ಹೆಚ್ಚು ತಾಗದ ಬಟ್ಟೆ ಅದು. ಹೊರಗಿನದು ಅದಕ್ಕಿಂತ ಒಣಕಲಾಗಿ ಸೊರಗಿದ್ರೆ ಆಯಸ್ಸು ಕಮ್ಮಿ. ಒಡಲು ಗಟ್ಟಿ ಇದೆ ಅಂತ ಖುಷಿ ಪಡಬೇಡಿ, ಅಂಚು ಸೇರೋ ಕಡೆಯೂ ನೋಡಿ.

ಪಾಸಾದ್ರೆ ತಣ್ಣೀರು, ಈಜಿ ಥರದ ಲಿಕ್ವಿಡ್ ಒಂದು ಚಮಚ. ಐದೇ ನಿಮಿಷ, ಹಿಂಡಬಾರದು. ನಾನು ಅಂಟವಾಳದ ನೀರೇ ಬಳಸೋದು, ಆದ್ರೆ ತಿಳಿ ಬಣ್ಣಕ್ಕೆ ಮಬ್ಬು ಹಿಡಿಯುತ್ತೆ. ಕಲೆ ತಿನ್ನೋ ಎಂಜೈಮ್ ಪುಡಿ ಮಾತ್ರ ಬೇಡವೇ ಬೇಡ, ಅದು ರೇಷ್ಮೆಯನ್ನೂ ತಿನ್ನುತ್ತೆ. ಜಾಹೀರಾತು ನೋಡಿ ಎಲ್ಲಕ್ಕೂ ಅದನ್ನೇ ಸುರಿಯೋರಿಗೆ ಎಷ್ಟು ಹೇಳಿದ್ರೂ ಅಷ್ಟೇ.

ವಿನಿಗರ್ ಹಾಕಿದ್ರೆ ವಾಸನೆ ಹೋಗುತ್ತೆ ಅಂತ ಮೇಲೆ ಕಾಮೆಂಟ್ ಹಾಕಿದೋರು ಅರ್ಧ ಸರಿ. ಬೆವರಿನ ವಾಸನೆಗೆ ಕೊನೇ ಬಕೆಟ್ಟಿಗೆ ಎರಡು ಚಮಚ ನಡೆಯುತ್ತೆ, ಗುಳಿಗೆ ವಾಸನೆಗೆ ಲಾಭ ಇಲ್ಲ, ಜರಿಗೂ ಒಳ್ಳೇದಲ್ಲ. ಕಂಫರ್ಟ್ ಸುರಿದ್ರೆ ಎರಡು ವಾಸನೆ ಆಗುತ್ತೆ, ಅಷ್ಟೇ.

ಗುಳಿಗೆ ಹಾಕಿಟ್ಟಿದ್ದ ಹಳೇ ಸ್ವೆಟರ್ ಪಾಪುಗೆ ಹಾಕಬಹುದಾ ಅಂತ ಕಾಮೆಂಟಲ್ಲಿ ಕೇಳಿದ ಅಕ್ಕ, ನಿಮ್ಮದು ಬೇರೆ ವಿಷಯ, ಆದ್ರೂ ಹೇಳಿಬಿಡ್ತೀನಿ: ಗುಳಿಗೆ ವಾಸನೆ ಇರೋವರೆಗೂ ಹಾಕಬೇಡಿ. ಕೆಲವು ಎಳೆಮಕ್ಕಳಿಗೆ ಅದರಿಂದ ರಕ್ತಕಣ ಒಡೆದು ಜೋರು ಕಾಮಾಲೆ ಆಗುತ್ತೆ.

ಡ್ರೈಕ್ಲೀನ್ ಬಗ್ಗೆ ನನಗೆ ಎರಡು ಮನಸ್ಸು. ಅಲ್ಲಿ ಬಳಸೋ ದ್ರಾವಕದಲ್ಲಿ ಗುಳಿಗೆ ಕರಗೋದು ನಿಜ, ಆದ್ರೆ ಡ್ರಮ್ಮಲ್ಲಿ ತಿರುಗೋ ಏಟು ಜೀರ್ಣ ರೇಷ್ಮೆ ತಡೆಯುತ್ತಾ? ಮೊದಲು ಆ ಮಡಿಕೆಯನ್ನ ಬೆಳಕಿಗೆ ಹಿಡಿದು ಫೋಟೋ ಹಾಕಿ, ನೋಡಿ ಹೇಳ್ತೀನಿ.