ತಾಳೆಯಾದರೂ ತಪ್ಪಿರಬಹುದು

"ಅಣ್ಣಾ, ಸೌದಿಗೆ ಹೊಸದಾಗಿ ಬಂದಿದ್ದೀನಿ. ಕಂಪನಿಯಿಂದ ಬರೋ ಕಾಗದ ಎಲ್ಲಾ ಅರಬಿಯಲ್ಲೇ. ಫೋನಿನಲ್ಲಿ ಇಂಗ್ಲಿಷ್ ಮಾಡ್ಕೊಂಡು ಓದ್ತೀನಿ. ಆ ಇಂಗ್ಲಿಷನ್ನ ಮತ್ತೆ ಅರಬಿಗೆ ತಿರುಗಿಸಿ ನೋಡು, ಮೂಲಕ್ಕೆ ತಾಳೆ ಆದ್ರೆ ಸರಿ ಇದೆ ಅಂತ ರೂಮಿನವರು ಹೇಳ್ತಾರೆ. ನಂಬಬಹುದಾ?"

ಅರ್ಧ ನಂಬಿ. ತಾಳೆ ಆಗದಿದ್ದರೆ ಅಲ್ಲಿ ಏನೋ ಎಡವಟ್ಟಾಗಿರಬಹುದು, ನಿಂತು ನೋಡಬೇಕು. ಆದರೆ ತಾಳೆ ಆಯಿತು ಅಂದಮಾತ್ರಕ್ಕೆ ಅನುವಾದ ಸರಿ ಅಂತಲ್ಲ. ಅರಬಿಯ ಕೆಲವು ತಪ್ಪುಗಳು ಹೋದ ದಾರಿಯಲ್ಲೇ ಸದ್ದಿಲ್ಲದೆ ವಾಪಸ್ ಬಂದುಬಿಡುತ್ತವೆ. ದುಡ್ಡಿನ ವಿಷಯದಲ್ಲಿ ಪೆಟ್ಟು ಕೊಡುವುದು ಹೆಚ್ಚಾಗಿ ಅವೇ.

ಇಕಾಮಾ, ಅಂದರೆ ಸೌದಿಯಲ್ಲಿ ವಾಸಕ್ಕೆ ಕೊಡುವ ಪರವಾನಗಿ, ಅದರ ನವೀಕರಣದ ಬಗ್ಗೆ ನಿಮಗೂ ಬರಬಹುದಾದಂಥ ಒಂದು ವಾಕ್ಯ ತಗೊಳ್ಳೋಣ. ಅರಬಿಯಲ್ಲಿ ಇರುವ ಅರ್ಥ ಇದು: ಇಕಾಮಾ ಮುಗಿಯುವ ಎರಡು ತಿಂಗಳ ಮೊದಲು ಕಂಪನಿ ನೌಕರನ ಇಕಾಮಾ ನವೀಕರಿಸುತ್ತದೆ, ನವೀಕರಣದ ಶುಲ್ಕ ಭರಿಸುತ್ತದೆ, ಆದರೆ ತಡವಾದ ದಂಡವನ್ನು ಭರಿಸುವುದಿಲ್ಲ, ತಡ ತನ್ನ ಕಡೆಯಿಂದಲೇ ಆಗಿದ್ದರೆ ಹೊರತು. ಇದು ಇಂಗ್ಲಿಷಿಗೆ ಕೆಟ್ಟು ಬಂದರೆ ಹೀಗಿರುತ್ತದೆ ಅಂದುಕೊಳ್ಳಿ: ಕೆಲವು ತಿಂಗಳ ಮೊದಲು ಕಂಪನಿ ನವೀಕರಿಸುತ್ತದೆ, ಶುಲ್ಕ ನೀವು ಭರಿಸುತ್ತೀರಿ, ತಡ ಅದಕ್ಕಿಂತ ಮೊದಲು ಆಗಿದ್ದರೆ ದಂಡ ಭರಿಸುವುದಿಲ್ಲ. ಒಂದೇ ವಾಕ್ಯದಲ್ಲಿ ನಾಲ್ಕು ತಪ್ಪು. ಎಲ್ಲವೂ ಒಟ್ಟಿಗೆ ಬರುವುದು ಅಪರೂಪ, ಬಿಡಿಬಿಡಿಯಾಗಿ ಬರುತ್ತವೆ.

ಈಗ ಈ ಇಂಗ್ಲಿಷನ್ನು ಅರಬಿಗೆ ತಿರುಗಿಸಿ, ಮೂಲದ ಕೆಳಗೇ ಇಟ್ಟು ಪದಪದ ನೋಡಿ. ಅರಬಿ ಓದಲು ಬರದಿದ್ದರೂ ಪರವಾಗಿಲ್ಲ, ಆಕಾರ ಹೋಲಿಸಿದರೆ ಸಾಕು. ಮೂಲದಲ್ಲಿ "ಶಹ್ರೈನ್" ಇದ್ದದ್ದು ತಿರುಗಿ ಬರುವಾಗ "ಅಶ್‌ಹುರ್" ಆಗಿರುತ್ತದೆ. ಅರಬಿಯಲ್ಲಿ ಎರಡಕ್ಕೆಂದೇ ಬೇರೆ ರೂಪವಿದೆ, ಪದದ ಬಾಲದಲ್ಲೇ "ಎರಡು" ಅಡಗಿರುತ್ತದೆ. ಇಂಗ್ಲಿಷ್ ಅದನ್ನು ಬರೀ ಬಹುವಚನ ಮಾಡಿದರೆ ಲೆಕ್ಕ ಕಳೆದುಹೋಯಿತು, ಆಮೇಲೆ ವಾಪಸ್ ಬರುವುದಿಲ್ಲ. ಈ ತಪ್ಪು ಸಿಕ್ಕಿತು.

ಹಾಗೆಯೇ "ಇಲ್ಲಾ". ಅರಬಿಯ ಇಲ್ಲಾ ನಮ್ಮ ಇಲ್ಲ ಅಲ್ಲ, ಅದರ ಅರ್ಥ "ಹೊರತು". ಮೊದಲು "ಲಾ" ಅಂತ ನಿರಾಕರಣೆ, ಸ್ವಲ್ಪ ದೂರದಲ್ಲಿ "ಇಲ್ಲಾ" ಅಂತ ವಿನಾಯಿತಿ, ಇವೆರಡು ಜೋಡಿಯಾಗಿ ನಿಯಮದ ಕಾಗದಗಳಲ್ಲಿ ಬರುತ್ತಲೇ ಇರುತ್ತವೆ. ಉದ್ದ ವಾಕ್ಯದಲ್ಲಿ ಎರಡನೆಯದು ಉದುರಿದರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ತಿರುಗಿ ಬಂದದ್ದರಲ್ಲಿ ಅದು ಇರುವುದಿಲ್ಲ, ಹಾಗಾಗಿ ಇದೂ ಸಿಕ್ಕಿತು. "ಮಿನ್ ಕಿಬಲಿಹಾ", ಅಂದರೆ "ಅದರ ಕಡೆಯಿಂದ" ಅನ್ನುವುದು "ಅದಕ್ಕಿಂತ ಮೊದಲು" ಆದಾಗಲೂ ಹೀಗೇ. ಕಿಬಲ್, ಕಬ್ಲ್ ಎರಡಕ್ಕೂ ಬರೆಯುವ ಅಕ್ಷರ ಒಂದೇ, ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಲ್ಲ! ಆದರೂ ತಿರುಗಿ ಬರುವಾಗ ಮುಂದಿನ ಪುಟ್ಟ "ಮಿನ್" ಬಿಟ್ಟುಹೋಗುವುದೇ ಹೆಚ್ಚು. ಕಣ್ಣಿಟ್ಟು ನೋಡಿದರೆ ಸಿಗುತ್ತದೆ.

ಉಳಿದದ್ದು ಶುಲ್ಕ ಯಾರು ಕಟ್ಟಬೇಕು ಅನ್ನುವುದು. ಮೂಲದಲ್ಲಿರುವ ಪದ "ತತಹಮ್ಮಲು". ತಪ್ಪು ಇಂಗ್ಲಿಷನ್ನು ತಿರುಗಿಸಿದರೆ ಬರುವುದೂ ಸಾಮಾನ್ಯವಾಗಿ ಅದೇ "ತತಹಮ್ಮಲು". ಅಕ್ಷರಕ್ಕೆ ಅಕ್ಷರ ತಾಳೆ. ನಿಮ್ಮ ರೂಮಿನವರ ಲೆಕ್ಕದಲ್ಲಿ ಪಾಸ್, ನಿಮ್ಮ ಜೇಬಿಗೆ ಮಾತ್ರ ಕತ್ತರಿ.

ಯಾಕೆ ಹೀಗೆ? ನಮ್ಮಲ್ಲಿ "ಭರಿಸುತ್ತೀಯ", "ಭರಿಸುತ್ತದೆ" ಅಂದರೆ ಕರ್ತೃ ಹೇಳದಿದ್ದರೂ ಯಾರು ಅಂತ ಗೊತ್ತಾಗುತ್ತದೆ. ಅರಬಿಯಲ್ಲೂ ಕ್ರಿಯಾಪದದಲ್ಲೇ ಕರ್ತೃ ಇರುತ್ತದೆ, ಆದರೆ ವರ್ತಮಾನ ಮತ್ತು ಭವಿಷ್ಯಕ್ಕೆ ಬಳಸುವ ರೂಪದಲ್ಲಿ "ನೀನು" (ಗಂಡಸಿಗೆ) ಮತ್ತು "ಅವಳು" ಎರಡಕ್ಕೂ ಒಂದೇ ಪದ, "ತ"ದಿಂದ ಶುರು. ಕಂಪನಿ, ಅಂದರೆ "ಶರಿಕಾ", ಅರಬಿಯಲ್ಲಿ ಸ್ತ್ರೀಲಿಂಗ. ಹಾಗಾಗಿ "ಕಂಪನಿ ಭರಿಸುತ್ತದೆ" ಮತ್ತು "ನೀನು ಭರಿಸುತ್ತೀಯ" ಬರಹದಲ್ಲಿ ಒಂದೇ. ಹೋಗುವಾಗ ಯಂತ್ರ ಎರಡರಲ್ಲಿ ಒಂದನ್ನು ಆರಿಸುತ್ತದೆ, ಬರುವಾಗ ಎರಡೂ ಒಂದೇ ಪದದೊಳಗೆ ಸೇರಿಕೊಳ್ಳುತ್ತವೆ. ಬೇರೆ ಆ್ಯಪಿನಲ್ಲಿ ತಿರುಗಿಸಿದರೂ ಇದು ತಪ್ಪಿದ್ದಲ್ಲ, ಯಾಕೆಂದರೆ ಇದು ಆ್ಯಪಿನ ದೋಷವಲ್ಲ, ವ್ಯಾಕರಣದ ಗುಣ. ಅದೃಷ್ಟವಿದ್ದರೆ ತಿರುಗಿ ಬಂದದ್ದರಲ್ಲಿ "ಅಂತ" ಅನ್ನುವ ಹೆಚ್ಚಿನ ಪದ ಕಾಣಿಸುತ್ತದೆ. ಅರಬಿಯಲ್ಲಿ ಅದು "ನೀನು". ಮೂಲದಲ್ಲಿ ಇಲ್ಲದ ಅದು ಇಲ್ಲಿ ಕಂಡರೆ ಯಂತ್ರ ನಿಮ್ಮನ್ನು ತಾನಾಗಿ ಸೇರಿಸಿದೆ ಅಂತಲೇ ಅರ್ಥ.

ಇಂಥ ಜಾಗಕ್ಕೆ ನಾನು ಮಾಡುವುದು ಬೇರೆ. ಅನುವಾದವನ್ನೇ ತಿರುಗಿಸುವ ಬದಲು, ಇರಬಹುದಾದ ಅರ್ಥಗಳನ್ನು ಒಂದೊಂದಾಗಿ ಕರ್ತೃ ಸಮೇತ ಇಂಗ್ಲಿಷಿನಲ್ಲಿ ಬರೆದು ಅರಬಿ ಮಾಡುತ್ತೇನೆ. "ಕಂಪನಿ ಶುಲ್ಕ ಭರಿಸುತ್ತದೆ" ಅಂದರೆ "ತತಹಮ್ಮಲು" ಬರುತ್ತದೆ. "ನೌಕರ ಶುಲ್ಕ ಭರಿಸುತ್ತಾನೆ" ಅಂದರೆ "ಯತಹಮ್ಮಲು". ವ್ಯತ್ಯಾಸ ಇರುವುದು ಮೊದಲ ಅಕ್ಷರದ ಎರಡು ಚುಕ್ಕಿಗಳಲ್ಲಿ: ತಕ್ಕೆ ಮೇಲೆ, ಯಕ್ಕೆ ಕೆಳಗೆ. ಈಗ ಮೂಲ ಕಾಗದ ನೋಡಿ. ಕಾಗದ ಪೂರ್ತಿ "ನೌಕರ" ಅಂತಲೇ ನಿಮ್ಮನ್ನು ಕರೆದಿದ್ದು, ಎಲ್ಲೂ "ನೀನು" ಅಂತ ಮಾತಾಡಿಸಿಲ್ಲ ಅಂದರೆ, ಚುಕ್ಕಿ ಮೇಲಿದ್ದ ಕ್ರಿಯಾಪದ ಕಂಪನಿಯದೇ. ನೌಕರ ಹೆಣ್ಣಾಗಿದ್ದು ಕಾಗದ "ಮುವಝ್ಝಫಾ" ಅಂತ ಬರೆದಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ, ಆಗ ಇಬ್ಬರಿಗೂ ತ.

ಫೋಟೋ ತೆಗೆದು ಅನುವಾದಿಸುವವರು ಇಲ್ಲೇ ಜಾರುವುದು. ಮಸುಕು ಫೋಟೋದಲ್ಲಿ ಚುಕ್ಕಿ ಮೇಲಿದೆಯೋ ಕೆಳಗಿದೆಯೋ ಯಂತ್ರಕ್ಕೆ ಕಾಣುವುದಿಲ್ಲ. ಹಾಗಾಗಿ ಫೋನ್ ಓದಿಕೊಂಡ ಅರಬಿಯನ್ನು ಮೊದಲು ಕಾಗದಕ್ಕೆ ಹೋಲಿಸಿ, ಆಮೇಲೆ ಮುಂದಿನದು. ಇನ್ನೊಂದು: ಸಾಲುಸಾಲಾಗಿ ಹಾಕಬೇಡಿ. ಕಂಪನಿಯ ಹೆಸರು ಮೇಲಿನ ಸಾಲಿನಲ್ಲಿ, ಕ್ರಿಯಾಪದ ಕೆಳಗಿನ ಸಾಲಿನಲ್ಲಿ ಇದ್ದು, ನೀವು ಕೆಳಗಿನದನ್ನಷ್ಟೇ ಹಾಕಿದರೆ ಯಂತ್ರ ಪಾಪ "ನೀವು" ಅನ್ನದೆ ಇನ್ನೇನು ಮಾಡೀತು? ಪೂರ್ತಿ ಪ್ಯಾರಾ ಹಾಕಿ.

ವಾಟ್ಸ್ಯಾಪ್ ಸಂದೇಶಗಳ ಕಥೆ ಇನ್ನೂ ಕಷ್ಟ. ಅಲ್ಲಿ ಆಡುಮಾತು ಬರುತ್ತದೆ, ನೇರವಾಗಿ ನಿಮ್ಮನ್ನೇ ಮಾತಾಡಿಸಿರುತ್ತಾರೆ. ಇಲ್ಲಿನ ಆಡುಮಾತಿನಲ್ಲಿ "ಅಬೀ" ಅಂದರೆ "ನನಗೆ ಬೇಕು", ಗ್ರಂಥಭಾಷೆಯಲ್ಲಿ ಅದೇ ಅಕ್ಷರಗಳು "ನನ್ನ ಅಪ್ಪ". ಬಾಡಿಗೆ ಕೇಳಿದ ಮನೆ ಮಾಲೀಕ ಇಂಗ್ಲಿಷಿನಲ್ಲಿ ಅಪ್ಪನ ವಿಷಯ ತೆಗೆದಂತೆ ಕಂಡರೆ ಗಾಬರಿಯಾಗಬೇಡಿ. ಆ "ಅಪ್ಪ"ನನ್ನು ತಿರುಗಿಸಿದರೆ ಮತ್ತೆ "ಅಬೀ" ಬರಬಹುದು, ತಾಳೆಯೂ ಆಗಬಹುದು. ಅಸಂಬದ್ಧವಾಗಿದೆ ಅನ್ನುವುದೊಂದೇ ಅಲ್ಲಿನ ಸುಳಿವು.

ಇಕಾಮಾ ಮಾತಿಗೆ ಬಂದರೆ ಪಠ್ಯದ ಹೊರಗಿನ ಸುಳಿವೂ ಒಂದಿದೆ. ಸೌದಿ ಕಾರ್ಮಿಕ ಕಾನೂನಿನ 40ನೇ ವಿಧಿಯ ಪ್ರಕಾರ ವಿದೇಶಿ ನೌಕರನ ಇಕಾಮಾ, ಕೆಲಸದ ಪರವಾನಗಿ, ಅವುಗಳ ನವೀಕರಣ ಮತ್ತು ತಡವಾದ ದಂಡ ಮಾಲೀಕನ ಹೊಣೆ. ಹಾಗಿರುವಾಗ ಅನುವಾದ "ನೀವು ಭರಿಸಿ" ಅಂದರೆ ಅನುವಾದ ತಪ್ಪಿರಬೇಕು, ಇಲ್ಲವೇ ಕಾಗದವೇ ತಪ್ಪಿರಬೇಕು. ಮೇಲಿನ ಉದಾಹರಣೆಯ ದಂಡದ ಷರತ್ತನ್ನೂ ಅದೇ ಕಣ್ಣಿನಿಂದ ನೋಡಿ. ಸಹಿಗೆ ಬಂದ ಕಾಗದದಲ್ಲಿ ಅರಬಿಯ ಪಕ್ಕ ಇಂಗ್ಲಿಷ್ ಇದ್ದರೂ ನಂಬಿ ಕೂರಬೇಡಿ, ವ್ಯತ್ಯಾಸ ಬಂದರೆ ಕಾನೂನು ಎತ್ತಿಹಿಡಿಯುವುದು ಅರಬಿಯನ್ನೇ.

ಇಷ್ಟಾದರೂ ಅನುಮಾನ ಉಳಿದರೆ ಎಚ್‌ಆರ್‌ಗೆ ಬರೆದು ಕೇಳಿ. "ಶುಲ್ಕ ಕಟ್ಟಬೇಕಾ?" ಅಂತ ಕೇಳಬೇಡಿ, ಅದಕ್ಕೂ ಕರ್ತೃ ಇಲ್ಲದ ಉತ್ತರವೇ ಬಂದೀತು. "ನವೀಕರಣದ ಶುಲ್ಕ ಕಂಪನಿ ಕಟ್ಟುತ್ತದೆಯೋ, ನೌಕರ ಕಟ್ಟುತ್ತಾನೋ?" ಅಂತ ಎರಡನ್ನೂ ಹೆಸರಿಸಿ ಕೇಳಿ, ಒಂದೇ ಪದದಲ್ಲಿ ಉತ್ತರ ಕೊಡಿ ಅನ್ನಿ. "ಶರಿಕಾ" ಅಂತ ಬಂದರೆ ಆ ಪದಕ್ಕೆ ಅನುವಾದವೇ ಬೇಡ.