ಒಂದು ಜಾಲತಾಣ ಕೈಕೊಟ್ಟರೆ ಅದರ ಕುಕಿಗಳನ್ನಷ್ಟೇ ಅಳಿಸಿ

ಪ್ರಶ್ನೆ: ಡೊಂಬಿವಲಿಯಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಮೇಂಟೆನೆನ್ಸ್ ಬಿಲ್ ಕಟ್ಟುವ ಜಾಲತಾಣ ನಾಲ್ಕು ದಿನಗಳಿಂದ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿಲ್ಲ. ಬಿಳಿ ಪುಟದಲ್ಲಿ "400 Bad Request", ಅದರ ಕೆಳಗೆ "Request Header Or Cookie Too Large" ಎಂದು ಬರುತ್ತದೆ. ಹೆಂಡತಿಯ ಮೊಬೈಲಿನಲ್ಲಿ ಅದೇ ತಾಣ ಸರಿಯಾಗಿದೆ. ಎಷ್ಟು ಸಲ ರಿಫ್ರೆಶ್ ಮಾಡಿದರೂ ಫಲವಿಲ್ಲ. ಪಕ್ಕದ ಮನೆಯ ಹುಡುಗ ಕ್ರೋಮ್‌ನಲ್ಲಿರುವ ಎಲ್ಲವನ್ನೂ ಅಳಿಸಿಬಿಡಿ ಎನ್ನುತ್ತಾನೆ. ಬ್ಯಾಂಕು, ಮೇಲ್ ಎಲ್ಲದರಿಂದಲೂ ಹೊರಬಿದ್ದೇನು ಎಂಬ ಹೆದರಿಕೆ ನನಗೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ದಯವಿಟ್ಟು ಎಲ್ಲವನ್ನೂ ಅಳಿಸಬೇಡಿ. ನಿಮ್ಮ ಪುಟವೇ ತನ್ನ ಕಾಯಿಲೆಯ ಹೆಸರನ್ನು ಬರೆದು ತೋರಿಸುತ್ತಿದೆ: ಕುಕಿಗಳ ಭಾರ ಹೆಚ್ಚಾಗಿದೆ. ಅದೂ ಒಂದೇ ತಾಣದ ಕುಕಿಗಳದ್ದು.

ಕುಕಿ ಎಂದರೆ ಜಾಲತಾಣವು ನಿಮ್ಮ ಬ್ರೌಸರ್‌ನಲ್ಲಿ ಬರೆದಿಡುವ ಚಿಕ್ಕ ಚೀಟಿ. ನೀವು ಯಾರು, ಲಾಗಿನ್ ಆಗಿದ್ದೀರೋ ಇಲ್ಲವೋ ಎಂಬಂಥ ಗುರುತುಗಳು ಅದರಲ್ಲಿರುತ್ತವೆ. ಆ ತಾಣದ ಯಾವ ಪುಟವನ್ನು ಕೇಳಿದರೂ ಬ್ರೌಸರ್ ಅದರ ಚೀಟಿಗಳನ್ನೆಲ್ಲ ಒಟ್ಟುಗೂಡಿಸಿ ಬೇಡಿಕೆಯ ಜೊತೆಗೇ ಕಳುಹಿಸುತ್ತದೆ. ಒಂದೊಂದು ಕುಕಿ ಸುಮಾರು 4 ಕಿಲೋಬೈಟ್‌ವರೆಗೆ ಬೆಳೆಯಬಹುದು. ಅತ್ತ ಸರ್ವರ್‌ಗೂ ಒಂದು ಮಿತಿ ಇದೆ. ನೀವು ಬರೆದಿರುವ ವಾಕ್ಯ nginx ಎಂಬ ಸರ್ವರ್ ತಂತ್ರಾಂಶದ್ದು. ನಡೆಸುವವರು ಬದಲಾಯಿಸದಿದ್ದರೆ ಅದು ಕುಕಿಗಳ ಸಾಲಿಗೆ 8 ಕಿಲೋಬೈಟ್‌ಗಿಂತ ಹೆಚ್ಚು ಜಾಗ ಕೊಡುವುದಿಲ್ಲ. ಹೀಗಾಗಿ ಎರಡು ಮೂರು ದಪ್ಪ ಕುಕಿಗಳು ಸೇರಿದರೂ ಸಾಕು, ಸರ್ವರ್ ನಿಮ್ಮ ಬೇಡಿಕೆಯನ್ನು ಓದಿ ಮುಗಿಸುವ ಮೊದಲೇ ಬಾಗಿಲು ಹಾಕುತ್ತದೆ. ತಿಂಗಳು ತಿಂಗಳೂ ಬಿಲ್ ಕಟ್ಟುವ ನಿಮ್ಮ ಲ್ಯಾಪ್‌ಟಾಪಿನಲ್ಲಿ ಅವು ಕೂಡುತ್ತಾ ಬಂದಿವೆ. ಹೆಂಡತಿಯವರ ಮೊಬೈಲಿನಲ್ಲಿ ಇನ್ನೂ ಅಷ್ಟು ಕೂಡಿಲ್ಲ.

ರಿಫ್ರೆಶ್ ಮಾಡಿದರೆ ಏಕೆ ಸರಿಹೋಗಲಿಲ್ಲ ಎನ್ನುವುದೂ ಇದರಿಂದಲೇ ತಿಳಿಯುತ್ತದೆ. `Ctrl+Shift+R` ಒತ್ತಿದರೆ ಬ್ರೌಸರ್ ತಾನು ಕೂಡಿಟ್ಟ ಹಳೆಯ ಚಿತ್ರ, ಕಡತಗಳನ್ನು, ಅಂದರೆ ಕ್ಯಾಶೆಯನ್ನು ಬದಿಗಿಟ್ಟು ಎಲ್ಲವನ್ನೂ ಹೊಸದಾಗಿ ತರಿಸಿಕೊಳ್ಳುತ್ತದೆ. ಕುಕಿಗಳನ್ನು ಮಾತ್ರ ಅದು ಮುಟ್ಟುವುದೇ ಇಲ್ಲ. ಅದೇ ಭಾರದ ಕಟ್ಟು ಮತ್ತೆ ಹೋಗುತ್ತದೆ, ಅದೇ ಉತ್ತರ ಮತ್ತೆ ಬರುತ್ತದೆ.

ಏನನ್ನೂ ಅಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಇನ್‌ಕಾಗ್ನಿಟೊ ಕಿಟಕಿಗಳು ತೆರೆದಿದ್ದರೆ ಎಲ್ಲವನ್ನೂ ಮುಚ್ಚಿ, `Ctrl+Shift+N` ಒತ್ತಿ ಹೊಸದೊಂದನ್ನು ತೆರೆದು, ಸೊಸೈಟಿ ತಾಣದ ವಿಳಾಸವನ್ನು ಅಲ್ಲಿ ಬರೆಯಿರಿ. ಆ ಕಿಟಕಿ ಖಾಲಿ ಕೈಯಲ್ಲಿ ಹೊರಡುತ್ತದೆ, ಹಳೆಯ ಕುಕಿ ಒಂದೂ ಅದರ ಬಳಿ ಇರುವುದಿಲ್ಲ. ಅಲ್ಲಿ ಪುಟ ತೆರೆದುಕೊಂಡರೆ ತಪ್ಪು ನಿಮ್ಮ ಬ್ರೌಸರ್‌ನಲ್ಲಿ ಕೂಡಿರುವುದರದ್ದೇ. ಅಲ್ಲೂ ಅದೇ 400 ಬಂದರೆ ಇಲ್ಲಿಗೇ ನಿಲ್ಲಿಸಿ. ನಿಮ್ಮ ಕಡೆ ಎಷ್ಟು ಅಳಿಸಿದರೂ ಅದು ಸರಿಯಾಗದು, ತಾಣ ನಡೆಸುವವರಿಗೆ ಹೇಳಬೇಕು.

ಇನ್‌ಕಾಗ್ನಿಟೊದಲ್ಲಿ ತೆರೆದುಕೊಂಡಿತು ಎಂದುಕೊಳ್ಳೋಣ. ಈಗ ಸಾಮಾನ್ಯ ಕಿಟಕಿಗೆ ಬನ್ನಿ. ಅದೇ ತಾಣದ ಬೇರೆ ಟ್ಯಾಬ್‌ಗಳಿದ್ದರೆ ಮುಚ್ಚಿಬಿಡಿ. ಇಲ್ಲವಾದರೆ ನೀವು ಅಳಿಸುತ್ತಿರುವಾಗಲೇ ಅವು ಮತ್ತೆ ಬರೆದಿಡಬಹುದು. ಕೈಕೊಟ್ಟ ಪುಟವನ್ನು ಹಾಗೆಯೇ ಇಟ್ಟುಕೊಂಡು, ಮೇಲೆ ವಿಳಾಸದ ಎಡಕ್ಕಿರುವ ಚಿಕ್ಕ ಗುರುತನ್ನು ಒತ್ತಿ. `Cookies and site data` ಎಂಬುದನ್ನು, ಅದರೊಳಗೆ `Manage on-device site data` ಎಂಬುದನ್ನು ಆರಿಸಿ. ಒಂದು ಚಿಕ್ಕ ಪಟ್ಟಿ ಬರುತ್ತದೆ. ಸೊಸೈಟಿ ತಾಣದ ಹೆಸರಿನ ಪಕ್ಕದ ಕಸದ ಬುಟ್ಟಿಯನ್ನು ಒತ್ತಿ, `Done` ಎನ್ನಿ, ಪುಟವನ್ನು ಮರುಲೋಡ್ ಮಾಡಿ. ಅದೊಂದು ತಾಣಕ್ಕೆ ಮಾತ್ರ ಮತ್ತೆ ಲಾಗಿನ್ ಆಗಬೇಕಾಗುತ್ತದೆ. ಉಳಿಸಿಟ್ಟ ಪಾಸ್‌ವರ್ಡ್‌ಗಳು ಬೇರೆ ಕಡೆ ಇರುವುದರಿಂದ ಅವಕ್ಕೇನೂ ಆಗುವುದಿಲ್ಲ.

ಇಷ್ಟಾದರೂ ಅದೇ ಪುಟ ಬಂದರೆ, ಕುಕಿಗಳು ಸೋದರ ವಿಳಾಸವೊಂದರಲ್ಲಿ ಉಳಿದಿರಬಹುದು. ಬಿಲ್ಲಿನ ಪುಟ `bill.example.com`, ಲಾಗಿನ್ ಪುಟ `login.example.com` ಎಂದಿರುವುದು ಸಾಮಾನ್ಯ. ಮೂಲ ಹೆಸರಿಗೆ ಬರೆದ ಕುಕಿ ಎರಡಕ್ಕೂ ಹೋಗುತ್ತದೆ. ವಿಳಾಸದ ಜಾಗದಲ್ಲಿ ಹೀಗೆ ಬರೆಯಿರಿ:

```
chrome://settings/content/all
```

ಅಲ್ಲಿ ತಾಣದ ಮೂಲ ಹೆಸರನ್ನು ಹುಡುಕಿದರೆ ಸೋದರ ವಿಳಾಸಗಳೆಲ್ಲ ಒಂದೇ ಗುಂಪಿನಲ್ಲಿ ಸಿಗುತ್ತವೆ. ಆ ಗುಂಪಿನ ಪಕ್ಕದ ಬುಟ್ಟಿಯನ್ನು ಒತ್ತಿ. ಫೈರ್‌ಫಾಕ್ಸ್ ಬಳಸುವವರಿಗೆ ವಿಳಾಸದ ಎಡಗಡೆಯ ಗುರುತಿನಲ್ಲೇ `Clear cookies and site data` ಎಂಬ ಆಯ್ಕೆ ಇರುತ್ತದೆ.

ಬುಟ್ಟಿಯನ್ನು ಒತ್ತುವ ಮೊದಲು ಒಂದು ಎಚ್ಚರ. ಅಲ್ಲಿ ಹೋಗುವುದು ಕುಕಿಗಳಷ್ಟೇ ಅಲ್ಲ. ಆ ತಾಣ ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರುವ ಇತರ ಮಾಹಿತಿಯೂ ಹೋಗುತ್ತದೆ. ಅರ್ಧ ತುಂಬಿದ ಫಾರ್ಮ್, ಇನ್ನೂ ಕಳುಹಿಸದ ಕರಡು ಅಲ್ಲಿರಬಹುದು. ಹಿಂದೊಮ್ಮೆ ವಾಸ್ಕೋದಲ್ಲಿರುವ ನಮ್ಮ ಸೋದರಮಾವನವರ ಕಂಪ್ಯೂಟರಿನಲ್ಲಿ ಯಾವುದೋ ಒಂದು ಪುಟ ಹಟ ಹಿಡಿದಿತ್ತೆಂದು ನಾನು ಇಡೀ ಬ್ರೌಸರ್ ಅನ್ನು ತೊಳೆದುಬಿಟ್ಟೆ. ಅವರು ಅಂಗಡಿಯ ಉದ್ದರಿ ಲೆಕ್ಕವನ್ನು ಇನ್ನೊಂದು ತಾಣದಲ್ಲಿ ಬರೆಯುತ್ತಿದ್ದರು. ಆ ತಾಣ ಅದನ್ನು ಸರ್ವರ್‌ಗೆ ಕಳುಹಿಸದೆ ಬ್ರೌಸರ್‌ನಲ್ಲೇ ಇಟ್ಟಿತ್ತು. ಮೂರು ತಿಂಗಳ ಲೆಕ್ಕ ಹೋಯಿತು. ಮಾವ ಒಂದು ಮಾತೂ ಆಡಲಿಲ್ಲ, ಹಳೆಯ ಚೀಟಿಗಳನ್ನು ಹುಡುಕುತ್ತಾ ಕೂತರು. ಒಂದೇ ತಾಣಕ್ಕೆ ಕೈಹಾಕಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ. ನಿಮ್ಮ ಸೊಸೈಟಿಯ ಬಿಲ್ಲು, ರಸೀದಿಗಳು ಸರ್ವರ್‌ನಲ್ಲಿರುತ್ತವೆ. ಹೆಂಡತಿಯವರ ಮೊಬೈಲಿನಲ್ಲಿ ಅವು ಕಾಣುತ್ತಿವೆಯೇ ಎಂದು ನೋಡಿಕೊಂಡರೆ ಖಾತ್ರಿಯಾಗುತ್ತದೆ.

ಪುಟ ತೆರೆಯುತ್ತದೆ, ಆದರೆ ಬಣ್ಣ, ಜೋಡಣೆ ಕೆಟ್ಟಿದೆ, ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ ಎಂಬ ತೊಂದರೆ ಬೇರೆಯದು. ಅಲ್ಲಿ ಹೆಚ್ಚಾಗಿ ತಪ್ಪು ಕ್ಯಾಶೆಯದು, ಆಗ `Ctrl+Shift+R` ಸಾಕು. ಆ ಒಂದು ಸಲ ಸರಿಬಂದು, ಮುಂದಿನ ಸಲ ಮತ್ತೆ ಹಳೆಯ ಪುಟವೇ ಬರುತ್ತಿದ್ದರೆ, ತಾಣವು ತನ್ನದೇ ಒಂದು ಹಳೆಯ ಪ್ರತಿಯನ್ನು ಬ್ರೌಸರ್‌ನಲ್ಲಿ ಇಟ್ಟುಕೊಂಡಿರಬಹುದು. ಮೇಲೆ ಹೇಳಿದ ಬುಟ್ಟಿಯೇ ಅದಕ್ಕೂ ಮದ್ದು.

ಇನ್ನೊಂದು ವಿಷಯ. ಇಂದು ಸರಿಯಾಗಿ ಎರಡು ಮೂರು ವಾರಗಳಲ್ಲಿ ಅದೇ 400 ಮರಳಿದರೆ ಅದು ನಿಮ್ಮ ದೋಷವಲ್ಲ. ತಾಣವು ಪ್ರತಿ ಭೇಟಿಯಲ್ಲೂ ಹೊಸ ಕುಕಿ ಬರೆದು ಹಳೆಯದನ್ನು ತೆಗೆಯುತ್ತಿಲ್ಲ. `F12` ಒತ್ತಿ, `Application` ವಿಭಾಗದಲ್ಲಿ `Cookies` ಕೆಳಗೆ ತಾಣದ ಹೆಸರನ್ನು ಆರಿಸಿದರೆ ಪಟ್ಟಿ ಕಾಣುತ್ತದೆ. `Size` ಎಂಬ ಕಾಲಮ್ಮಿನಲ್ಲಿ ಪ್ರತಿಯೊಂದರ ಭಾರವಿರುತ್ತದೆ. ಯಾವ ಹೆಸರಿನವು ಎಷ್ಟಿವೆ, ಎಷ್ಟು ದಪ್ಪಗಿವೆ ಎಂದು ಬರೆದುಕೊಂಡು, ಪುಟದಲ್ಲಿ ಬಂದ ವಾಕ್ಯದೊಂದಿಗೆ ಸೊಸೈಟಿಯ ಕಾರ್ಯದರ್ಶಿಗೆ ಕೊಡಿ. ಕುಕಿಗಳ ಒಳಗಿನ ಬರಹವನ್ನು ಮಾತ್ರ ಯಾರಿಗೂ ಕಳುಹಿಸಬೇಡಿ, ನಿಮ್ಮ ಲಾಗಿನ್ ಗುರುತು ಅದರಲ್ಲೇ ಇರುತ್ತದೆ.